‘ಡೇಟಾ ಸ್ವಲ್ಪ ಕ್ಲೀನ್ ಮಾಡಿಕೊಡಿ’ ಅಂದಾಗ ನಾನು ಮಾಡುವುದು

ಆರ್ಡರ್‌ಗಳ ಒಂದು ಸಿಎಸ್‌ವಿ ಫೈಲ್, ಜೊತೆಗೆ ‘ಸ್ವಲ್ಪ ಕ್ಲೀನ್ ಮಾಡಿಕೊಡಿ’ ಅನ್ನುವ ಒಂದೇ ಸಾಲು. ಏನು ಸರಿಮಾಡಬೇಕು, ಏನನ್ನು ಮುಟ್ಟಬಾರದು ಅಂತ ಎಲ್ಲೂ ಇಲ್ಲ. ಇಂಥ ಫೈಲನ್ನು ನಾನು ಪೈಥಾನ್‌ನ pandas ಲೈಬ್ರರಿಯಲ್ಲಿ, ಎಲ್ಲ ಕಾಲಮ್‌ಗಳೂ ಬರೀ ಪಠ್ಯವಾಗಿ ಉಳಿಯುವಂತೆ ತೆರೆಯುತ್ತೇನೆ:

```
df = pd.read_csv("orders.csv", dtype=str,
                 keep_default_na=False)
```

ಇಲ್ಲದಿದ್ದರೆ ಓದುವಾಗಲೇ ಡೇಟಾ ಕೆಡುತ್ತದೆ. ಗ್ರಾಹಕ ಕೋಡ್ 00417 ಇದ್ದದ್ದು 417 ಆಗುತ್ತದೆ. ದೇಶದ ಕಾಲಮ್‌ನ NA, ಅಂದರೆ ನಮೀಬಿಯಾ, ಖಾಲಿ ಎಂದು ಎಣಿಕೆಯಾಗುತ್ತದೆ.

ಆಮೇಲೆ ತಿದ್ದುವುದಿಲ್ಲ, ಎಣಿಸುತ್ತೇನೆ. ಈ ಫೈಲಿನಲ್ಲಿ 2,400 ಸಾಲುಗಳು. 38 ಸಾಲುಗಳಲ್ಲಿ ಹಿಂದೆ ಬಂದ ಆರ್ಡರ್ ನಂಬರೇ ಮತ್ತೆ ಬಂದಿತ್ತು. ಆರ್ಡರ್ ನಂಬರ್ ನೋಡಿ `drop_duplicates` ಓಡಿಸಿದ್ದರೆ ಅಷ್ಟೂ ಹೋಗುತ್ತಿದ್ದವು. ಬಿಡಿಸಿ ನೋಡಿದರೆ 31ರಲ್ಲಿ ವಸ್ತು ಬೇರೆ ಬೇರೆ. ಒಂದೇ ಆರ್ಡರಿನ ಹಲವು ಐಟಮ್‌ಗಳು ಅವು. ಉಳಿದ 7 ಮಾತ್ರ ಎಲ್ಲ ಕಾಲಮ್‌ಗಳಲ್ಲೂ ಒಂದೇ. ಅವು ಎರಡು ಸಲ ಎಂಟ್ರಿ ಆದದ್ದೋ, ನಿಜವಾಗಿಯೂ ಎರಡು ಸಲ ಕೊಂಡದ್ದೋ, ಫೈಲ್ ಹೇಳುವುದಿಲ್ಲ. ಕೇಳಲೇಬೇಕು.

52 ಸಾಲುಗಳಲ್ಲಿ ಪ್ರಮಾಣ ಮೈನಸ್. ನೋಡಿದ ತಕ್ಷಣ ‘ತಪ್ಪು’ ಅನ್ನಿಸುವುದು ಇದೇ. ಆದರೆ 49ಕ್ಕೆ ಅದೇ ಗ್ರಾಹಕ, ಅದೇ ವಸ್ತುವಿನ ಹಿಂದಿನ ಖರೀದಿ ಸಿಕ್ಕಿತು, ಹಾಗಾಗಿ ಅವು ಬಹುತೇಕ ವಾಪಸಾತಿಗಳು. ಅಳಿಸಿದ್ದರೆ ಮಾರಾಟದ ಒಟ್ಟು ಮೊತ್ತ ಸುಮ್ಮಸುಮ್ಮನೆ ಏರುತ್ತಿತ್ತು.

ದಿನಾಂಕ ಇನ್ನೂ ತಲೆನೋವು. 03/04/2023 ಏಪ್ರಿಲ್ 3 ಆಗಬಹುದು, ಮಾರ್ಚ್ 4 ಕೂಡ ಆಗಬಹುದು. ಮೊದಲ ಭಾಗ 12ಕ್ಕಿಂತ ಹೆಚ್ಚಿರುವ ಸಾಲುಗಳನ್ನೂ ಎರಡನೇ ಭಾಗ 12ಕ್ಕಿಂತ ಹೆಚ್ಚಿರುವವನ್ನೂ ಬೇರೆ ಬೇರೆ ಎಣಿಸುತ್ತೇನೆ. ಒಂದು ಬಗೆಯದ್ದಷ್ಟೇ ಸಿಕ್ಕರೆ ಕ್ರಮ ಹೆಚ್ಚುಕಡಿಮೆ ಗೊತ್ತಾದಂತೆ. ಇಲ್ಲಿ ಎರಡೂ ಸಿಕ್ಕವು, ಅಂದರೆ ಬಹುಶಃ ಎರಡು ಮೂಲಗಳ ಡೇಟಾ ಬೆರೆತಿದೆ. ಇಂಥಲ್ಲಿ `pd.to_datetime`ಗೆ `errors="coerce"` ಹಾಕಿದರೆ ಹೊಂದದ ದಿನಾಂಕಗಳು ಸದ್ದಿಲ್ಲದೆ NaT, ಅಂದರೆ ಖಾಲಿ ದಿನಾಂಕ, ಆಗುತ್ತವೆ. ಅದಕ್ಕಿಂತ ಎರರ್ ಬರುವುದೇ ವಾಸಿ.

ಇಷ್ಟಾದ ಮೇಲೆ ಕಳಿಸಿದವರಿಗೆ ಬರೆಯುತ್ತೇನೆ. ‘ಏನೇನು ಕ್ಲೀನ್ ಮಾಡಲಿ?’ ಎಂದು ಕೇಳಿದರೆ ‘ಎಲ್ಲಾ’ ಎಂಬ ಉತ್ತರವೇ ಬರುತ್ತದೆ. ಅದಕ್ಕೇ ಸಾಲುಗಳನ್ನೇ ಮುಂದಿಟ್ಟು ಕೇಳುತ್ತೇನೆ: ‘ಈ 7 ಸಾಲುಗಳನ್ನು ತೆಗೆಯಲೇ? ಈ 52 ವಾಪಸಾತಿಗಳೇ? ದಿನಾಂಕ ಯಾವ ಮೂಲದಲ್ಲಿ ಯಾವ ಕ್ರಮ? ಇದರ ಮೇಲೆ ಯಾವ ವರದಿ ತಯಾರಾಗುತ್ತದೆ?’ ಕೊನೆಯ ಪ್ರಶ್ನೆಯ ಉತ್ತರದಿಂದಲೇ ಎಷ್ಟೋ ಸಲ ಉಳಿದವು ಬಗೆಹರಿಯುತ್ತವೆ.

ಉತ್ತರ ಬರುವ ತನಕ ಮೂಲ ಫೈಲ್ ಹಾಗೇ ಇರುತ್ತದೆ. ಪ್ರತಿಯಲ್ಲಿ ಹಿಂದುಮುಂದಿನ ಸ್ಪೇಸ್‌ಗಳನ್ನಷ್ಟೇ ತೆಗೆದು, ಅನುಮಾನದ ಸಾಲುಗಳಿಗೆ `flag` ಎಂಬ ಹೊಸ ಕಾಲಮ್‌ನಲ್ಲಿ ಕಾರಣ ಬರೆಯುತ್ತೇನೆ. ಬದಲಾದ ಪ್ರತಿ ಕೋಶಕ್ಕೂ ಸಾಲಿನ ಸಂಖ್ಯೆ, ಕಾಲಮ್, ಹಳೆಯ ಮೌಲ್ಯ, ಹೊಸ ಮೌಲ್ಯ ಇರುವ ಪಟ್ಟಿಯೊಂದು ಜೊತೆಗೆ ಹೋಗುತ್ತದೆ. ಕಳಿಸುವ ಮುನ್ನ ಸಾಲುಗಳ ಸಂಖ್ಯೆ, ಒಟ್ಟು ಮೊತ್ತ ಎರಡನ್ನೂ ಮೂಲದೊಂದಿಗೆ ತಾಳೆ ನೋಡುತ್ತೇನೆ. ಈ ಹಂತದಲ್ಲಿ ಒಂದು ರೂಪಾಯಿಯೂ ಹೆಚ್ಚುಕಡಿಮೆ ಆಗಿರಕೂಡದು.