ಒಣಬಾಯಿಯ ಬುಡಹುಳುಕನ್ನು ನಾನು ನಿಲ್ಲಿಸಿದ ಬಗೆ

ನರದ ಉರಿಗೆ ಅಮಿಟ್ರಿಪ್ಟಿಲೀನ್, ಪದೇ ಪದೇ ಬರುವ ಮೂತ್ರಕ್ಕೆ ಆಕ್ಸಿಬ್ಯುಟಿನಿನ್ ಎಂಬ ಬಾಯಿ ಒಣಗಿಸುವ ಮಾತ್ರೆಗಳನ್ನು ನುಂಗುತ್ತಿದ್ದ, ಅರವತ್ತು ದಾಟಿದ ಹೆಂಗಸೊಬ್ಬರ ಬಾಯಲ್ಲಿ ಒಸಡಿನ ಅಂಚಿನುದ್ದಕ್ಕೂ ಹಲ್ಲಿನ ಬುಡ ಹುಳುಕಾಗಿತ್ತು. ಪರೀಕ್ಷೆಯ ಕನ್ನಡಿ ಕೆನ್ನೆಗೆ ಅಂಟಿಕೊಳ್ಳುತ್ತಿತ್ತು. ಎಲ್ಲವನ್ನೂ ಕಿತ್ತು ಕಟ್ಟಿಸಿದ ಹಲ್ಲಿನ ಸೆಟ್ ಕೊಟ್ಟುಬಿಡಿ ಎಂದು ಸಹೋದ್ಯೋಗಿಗಳು ನಕ್ಕರು. ಜೊಲ್ಲಿಲ್ಲದ ಬಾಯಲ್ಲಿ ಸೆಟ್ ನಿಲ್ಲುವುದಿಲ್ಲ, ಒಸಡನ್ನೂ ಉಜ್ಜಿ ಹುಣ್ಣು ಮಾಡುತ್ತದೆ ಎಂಬುದು ಅವರಿಗೂ ಗೊತ್ತಿತ್ತು.

ನಾನು ಮೊದಲು ಗುಳಿಗಳಿಗೆ ತುಂಬಿದ್ದ ಹಲ್ಲುಬಣ್ಣದ ಕಾಂಪೋಸಿಟ್‌ಗಳ ಅಂಚಿನಲ್ಲಿ ವರ್ಷ ತುಂಬುವ ಮೊದಲೇ ಮತ್ತೆ ಹುಳುಕು ಕಾಣಿಸಿತು. ಅವನ್ನು ಪುಕ್ಕಟೆಯಾಗಿ ಮತ್ತೆ ತುಂಬಿ ಕೆಲವು ಸಾವಿರ ರೂಪಾಯಿ ಕೈಬಿಟ್ಟ ಮೇಲೆ, ಕೊರೆಯುವುದನ್ನು ಬದಿಗಿಟ್ಟು ಜೊಲ್ಲನ್ನು ಅಳೆದೆ. ತಲೆ ಬಗ್ಗಿಸಿ ಐದು ನಿಮಿಷ ಅಳತೆಯ ಲೋಟಕ್ಕೆ ಉಗುಳಿಸಿದರೆ ಅರ್ಧ ಮಿಲಿಲೀಟರೂ ಬರಲಿಲ್ಲ. ಬಾಯಿ ಒಣಗುತ್ತದೆಂದು ಅವರು ದಿನವಿಡೀ ಪೆಪ್ಪರ್‌ಮಿಂಟ್ ಚೀಪುತ್ತಿದ್ದರು, ಅದರ ಸಕ್ಕರೆ ಬಾಯಲ್ಲಿ ಆಮ್ಲವಾಗುತ್ತಿತ್ತು. ಎನಾಮಲ್ ಕರಗಲು ಪಿಎಚ್ ಸುಮಾರು 5.5ಕ್ಕೆ ಇಳಿಯಬೇಕು. ಬೇರಿಗೆ ಅಷ್ಟೂ ಬೇಡ, 6ಕ್ಕಿಂತ ಮೇಲಿರುವಾಗಲೇ ಅದು ಕರಗತೊಡಗುತ್ತದೆ.

ಪೆಪ್ಪರ್‌ಮಿಂಟ್ ಬಿಡಿಸಿ ಸಕ್ಕರೆಯಿಲ್ಲದ ಝೈಲಿಟಾಲ್ ಗಮ್ ಕೊಟ್ಟೆ. ಔಷಧಿಗೆ ನಾನು ಕೈಹಾಕಲಿಲ್ಲ. ಅವರ ವೈದ್ಯರಿಗೆ ಪತ್ರ ಬರೆದಾಗ, ಅವರು ಆಕ್ಸಿಬ್ಯುಟಿನಿನ್ ನಿಲ್ಲಿಸಿ ಬಾಯಿಯನ್ನು ಅಷ್ಟಾಗಿ ಒಣಗಿಸದ ಮಿರಾಬೆಗ್ರಾನ್ ಬರೆದುಕೊಟ್ಟರು. ಬಳಿಕ ಮೇಲು ಕೆಳಗಿನ ದವಡೆಗಳ ಅಚ್ಚು ತೆಗೆದು ಹಲ್ಲಿನ ಮೇಲೆ ಕೂರುವ ಮೆದು ಹಾಳೆಯ ಟ್ರೇ ಮಾಡಿಸಿದೆ. ರಾತ್ರಿ ಹಲ್ಲುಜ್ಜಿದ ಮೇಲೆ ಶೇಕಡಾ 1.1ರ ತಟಸ್ಥ ಸೋಡಿಯಂ ಫ್ಲೋರೈಡ್ ಜೆಲ್ಲನ್ನು ಟ್ರೇಯೊಳಗೆ ತೆಳುವಾಗಿ ಸವರಿ ಐದು ನಿಮಿಷ ಇಟ್ಟುಕೊಂಡು, ನುಂಗದೆ ಉಗುಳಬೇಕು, ನೀರು ಮುಕ್ಕಳಿಸಬಾರದು. ಆಮ್ಲೀಯ ಜೆಲ್ ಬೇಡವೇ ಬೇಡ, ಅದು ಒಣ ನಾಲಿಗೆಯನ್ನು ಉರಿಸುವುದಲ್ಲದೆ ಗುಳಿಗೆ ತುಂಬುವ ಗ್ಲಾಸ್ ಅಯನೊಮರ್ ಸಿಮೆಂಟನ್ನೂ ತಿನ್ನುತ್ತದೆ. ಜೆಲ್ ಗಂಟಲಿಗೆ ಇಳಿಯದಂತೆ ಟ್ರೇಯ ಅಂಚನ್ನು ಕತ್ತರಿಸುವ ರೀತಿ ನನ್ನದೇ, ಅದನ್ನು ಇಲ್ಲಿ ಬರೆಯಲಾರೆ. ಟ್ರೇಗಳಿಗೆ ಲ್ಯಾಬಿನವರು ಪಡೆದದ್ದು ಆರೇಳು ನೂರು ಇರಬೇಕು, ಪುಕ್ಕಟೆ ತುಂಬಿದ್ದರ ಮುಂದೆ ಅದು ಏನೂ ಅಲ್ಲ. ಗುಳಿಬಿದ್ದ ಕಡೆ ಮೆತ್ತಗಿನದನ್ನು ಕೈ ಉಪಕರಣದಿಂದಲೇ ಕೆರೆದು ಗ್ಲಾಸ್ ಅಯನೊಮರ್ ತುಂಬಿದೆ, ಮೂರು ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಷ್ ಬಳಿದೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ರಾತ್ರಿ ನಾಲಿಗೆಗೆ ಸವರಿದ ಕೊಬ್ಬರಿ ಎಣ್ಣೆಯಿಂದ ನಿದ್ದೆ ಬಂತೇ ಹೊರತು ಹುಳುಕಿಗೆ ಏನೂ ಆಗಲಿಲ್ಲ. ನಿಂಬೆಹುಳಿ ಜೊಲ್ಲು ತರಿಸಿದರೂ ಆಮ್ಲದ ಭಯದಿಂದ ಬಿಟ್ಟೆ. ಮತ್ತೊಬ್ಬ ರೋಗಿ, ತಮ್ಮ ವೈದ್ಯರು ಜೊಲ್ಲು ತರಿಸಲೆಂದು ಕೊಟ್ಟ ಪೈಲೊಕಾರ್ಪಿನ್‌ನಿಂದ ಬೆವರಿ ಬೆವರಿ ತಾವೇ ನಿಲ್ಲಿಸಿದರು, ಉಬ್ಬಸದವರಿಗಂತೂ ಅದು ಸಲ್ಲದು.

ಸುಮಾರು ಒಂದು ವರ್ಷದಲ್ಲಿ ಕಂದು ಕಲೆಗಳು ಕಪ್ಪಾಗಿ, ಗಟ್ಟಿಯಾಗಿ, ಹೊಳೆಯತೊಡಗಿದವು. ಮೊಂಡು ಪ್ರೋಬನ್ನು ಹಗುರವಾಗಿ ಎಳೆದರೆ ಗಾಜಿನ ಮೇಲೆ ಜಾರಿದಂತೆ ಜಾರುತ್ತಿತ್ತು. ಅಯನೊಮರ್ ಅಲ್ಲಲ್ಲಿ ಸವೆದಿದ್ದರೂ ಅದರ ಅಂಚಿನಲ್ಲಿ ಹೊಸ ಹುಳುಕಿರಲಿಲ್ಲ. ನಕ್ಕವರಲ್ಲಿ ಇಬ್ಬರು ಈಗ ಟ್ರೇ ಮಾಡಿಸಲು ನನ್ನನ್ನೇ ಕೇಳುತ್ತಾರೆ. ಆದರೆ ಕ್ಯಾನ್ಸರಿಗೆಂದು ಕುತ್ತಿಗೆಗೆ ವಿಕಿರಣ ಪಡೆದವರಲ್ಲಿ ಜೊಲ್ಲಿನ ಗ್ರಂಥಿಗಳೇ ಸೊರಗಿರುವುದರಿಂದ ಔಷಧಿ ಬದಲಿಸಿ ಪ್ರಯೋಜನವಿಲ್ಲ. ಅಂಥವರು ರಾತ್ರಿಯ ಟ್ರೇಯನ್ನು ಜೀವನಪರ್ಯಂತ ಬಿಡುವಂತಿಲ್ಲ.