ತೂಕ ಇಳಿಯದಿದ್ದರೆ ಸೊಂಟ ಅಳೆಯಿರಿ

ತಪ್ಪದೆ ಜಿಮ್‌ಗೆ ಹೋಗುತ್ತಿದ್ದವರು ತೂಕ ಇಳಿಯಲಿಲ್ಲವೆಂದು ಬಿಟ್ಟುಬಿಡುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಎಷ್ಟೋ ಸಲ ಅವರ ಪ್ಯಾಂಟು ಆಗಲೇ ಸಡಿಲವಾಗಿರುತ್ತದೆ. ತೂಕದ ಯಂತ್ರಕ್ಕೆ ಕೊಬ್ಬು, ಸ್ನಾಯು, ನೀರು ಎಲ್ಲವೂ ಒಂದೇ. ಭಾರ ಎತ್ತುವ ವ್ಯಾಯಾಮ ಆರಂಭಿಸಿದ ಹೊಸದರಲ್ಲಿ ಸ್ನಾಯುಗಳು ಗ್ಲೈಕೋಜೆನ್ ಎಂಬ ಸಕ್ಕರೆ ರೂಪದ ಇಂಧನವನ್ನು ಕೂಡಿಡುತ್ತವೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರೂ ಉಳಿಯುತ್ತದೆ. ಮುಂದೆ ಕೊಬ್ಬು ಕರಗುತ್ತಲೇ ಸ್ನಾಯು ಬೆಳೆಯುವುದನ್ನು ಬಾಡಿ ರೀಕಾಂಪೊಸಿಷನ್ ಎನ್ನುತ್ತಾರೆ. ಇದು ನಡೆಯುತ್ತಿದೆಯೇ ಎಂದು ಮನೆಯಲ್ಲೇ ತಿಳಿಯಬಹುದು.

ಹಂತ 1: ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು ತೂಕ ನೋಡಿ, ವಾರದ ಸರಾಸರಿಯನ್ನಷ್ಟೇ ನಂಬಿ.

ಹಂತ 2: ಸೊಂಟದ ಸುತ್ತಳತೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಪ್ಯಾಂಟು ಕಟ್ಟುವ ಜಾಗದಲ್ಲಿ ಅಳೆಯಬೇಡಿ. ಪಕ್ಕೆಯಲ್ಲಿ ಬೆರಳೊತ್ತಿ ಕೊನೆಯ ಪಕ್ಕೆಲುಬನ್ನು ಹುಡುಕಿ, ಅದೇ ಬದಿಯಲ್ಲಿ ಸೊಂಟದ ಮೂಳೆಯ ಮೇಲಂಚನ್ನು ಹುಡುಕಿ. ಎರಡರ ನಡುಮಧ್ಯಕ್ಕೆ ಪೆನ್ನಿನಿಂದ ಗುರುತು ಹಾಕಿ, ಟೇಪನ್ನು ಅಲ್ಲಿಂದ ಬರಿಮೈ ಮೇಲೆ ಸುತ್ತಿ. ಬೆನ್ನ ಹಿಂದೆ ಟೇಪು ಜಾರಿದರೆ ಅಳತೆಯೇ ಕೆಡುತ್ತದೆ, ಕನ್ನಡಿಯಲ್ಲಿ ನೋಡಿಕೊಳ್ಳಿ. ಹೊಟ್ಟೆ ಒಳಗೆಳೆಯದೆ, ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಅಂಕಿ ಓದಿ. ಟೇಪು ಮೈಗೆ ತಾಗಬೇಕು, ಚರ್ಮ ಒತ್ತಬಾರದು. ಎರಡು ಬಾರಿ ಅಳೆದು, ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಅಳೆಯಿರಿ. ಎರಡು ವಾರಕ್ಕೊಮ್ಮೆ ಸಾಕು. ಮುಟ್ಟಿನ ಮುಂಚಿನ ದಿನಗಳಲ್ಲಿ ಮೈ ನೀರು ಹಿಡಿಯುವುದರಿಂದ ಹೆಂಗಸರು ಋತುಚಕ್ರದ ಅದೇ ಹಂತದ ಅಳತೆಗಳನ್ನೇ ಹೋಲಿಸಬೇಕು.

ಕೊಬ್ಬಿನ ಶೇಕಡಾವಾರು ತೋರಿಸುವ ಯಂತ್ರಕ್ಕೆ ಹಣ ಹಾಕಬೇಡಿ. ಅದು ಪಾದದಿಂದ ಸಣ್ಣ ವಿದ್ಯುತ್ ಹರಿಸಿ ಲೆಕ್ಕ ಹಾಕುತ್ತದೆ. ದೇಹದ ನೀರು ಏರಿಳಿದರೆ ಅದರ ಅಂಕಿಯೂ ಏರಿಳಿಯುತ್ತದೆ. ಬೆವರಿಳಿಸುವ ಪ್ಲಾಸ್ಟಿಕ್ ಬೆಲ್ಟ್ ಕಳೆಯುವುದು ನೀರನ್ನು ಮಾತ್ರ.

ಹಂತ 3: ಎತ್ತಿದ ಭಾರ, ಎಷ್ಟು ಬಾರಿ ಎತ್ತಿದಿರಿ, ಬರೆದಿಡಿ.

ಹಂತ 4: ಮೂರನ್ನೂ ಒಟ್ಟಿಗೆ ಓದಿ. 68 ಕಿಲೋ ಇದ್ದ ಒಬ್ಬರು ಹತ್ತು ವಾರಗಳ ನಂತರ 67.5 ಕಿಲೋ ಆದರು ಎಂದುಕೊಳ್ಳಿ. ಸೊಂಟ 92ರಿಂದ 88 ಸೆಂಟಿಮೀಟರಿಗೆ ಇಳಿದಿದೆ, ಎತ್ತುವ ಭಾರ ಹೆಚ್ಚಿದೆ. ಎರಡೂವರೆ ಕಿಲೋ ಕೊಬ್ಬು ಹೋಗಿ ಎರಡು ಕಿಲೋ ಸ್ನಾಯು ಮತ್ತು ನೀರು ಸೇರಿದರೂ ಯಂತ್ರ ತೋರಿಸುವುದು ಅರ್ಧ ಕಿಲೋ ಇಳಿಕೆಯನ್ನೇ. ಸ್ನಾಯು ಕೊಬ್ಬಿಗಿಂತ ಕಡಿಮೆ ಜಾಗ ಹಿಡಿಯುತ್ತದೆ ನಿಜ, ಆದರೆ ಸೊಂಟ ಇಳಿಯಲು ಮುಖ್ಯ ಕಾರಣ ಬೇರೆ: ಕೊಬ್ಬು ಹೊಟ್ಟೆಯಿಂದ ಹೋಗಿದೆ, ಸ್ನಾಯು ತೊಡೆ, ಬೆನ್ನಿಗೆ ಬಂದಿದೆ.

ಈ ಅದಲುಬದಲು ಹೊಸಬರಲ್ಲಿ, ಬಹಳ ಬಿಡುವಿನ ನಂತರ ಮರಳಿದವರಲ್ಲಿ ಸುಲಭ. ವರ್ಷಗಟ್ಟಲೆ ಭಾರ ಎತ್ತಿದವರಲ್ಲಿ ನಿಧಾನ. ಬರೀ ನಡಿಗೆಯಿಂದ ಇದನ್ನು ನಿರೀಕ್ಷಿಸಬೇಡಿ. ಎಂಟು ವಾರವಾದರೂ ತೂಕ, ಸೊಂಟ ಎರಡೂ ಕದಲದಿದ್ದರೆ ಸ್ನಾಯು ಬೆಳೆಯುತ್ತಿದೆ ಎಂದು ಸಮಾಧಾನ ಪಡಬೇಡಿ. ಒಂದು ವಾರ ತಿಂದದ್ದೆಲ್ಲ ಬರೆಯಿರಿ, ಒಗ್ಗರಣೆಯ ಎಣ್ಣೆ ಮತ್ತು ಕಾಫಿಯ ಸಕ್ಕರೆ ಸಮೇತ. ಮೊದಲು ಅವನ್ನು ಕಡಿಮೆ ಮಾಡಿ, ಬೇಳೆ, ಮೊಸರು, ಮೊಟ್ಟೆಯನ್ನಲ್ಲ.