ಕರಪತ್ರದಲ್ಲಿ 3 ಅಂತ ಬರೆದೆ, ಪಕ್ಕದಲ್ಲೇ 41 ಅಂತಲೂ ಬರೆದೆ

ಶಿರಸಿಯಲ್ಲಿ ನಾನು ಮತ್ತು ನನ್ನ ಗೆಳೆಯರೊಬ್ಬರು ಸೇರಿ ಸಣ್ಣ ಕೋಚಿಂಗ್ ಕ್ಲಾಸ್ ನಡೆಸುತ್ತೇವೆ. ಎಫ್‌ಡಿಎ, ಎಸ್‌ಡಿಎ, ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ಈ ಸಾಲಿನ ಸರ್ಕಾರಿ ನೌಕರಿ ಪರೀಕ್ಷೆಗಳು. ಅವರು ಗಣಿತ ಮತ್ತು ಮಾನಸಿಕ ಸಾಮರ್ಥ್ಯ, ನಾನು ಕನ್ನಡ ಮತ್ತು ಸಾಮಾನ್ಯ ಜ್ಞಾನ. ಹೊಸ ಬ್ಯಾಚಿಗೆ ಮೊದಲು ಪೇಪರ್ ಜೊತೆ ಹಾಕಿಸಲು, ವಾಟ್ಸಾಪಿನಲ್ಲಿ ಕಳಿಸಲು ಒಂದು ಪುಟದ ಪತ್ರ ಬರೆಯುವ ಕೆಲಸ ನನ್ನದು. ಈ ಸಲದ ಪತ್ರ ಹೇಗೆ ಬರೆದೆ ಅಂತ ಎರಡು ಮೂರು ಕ್ಲಾಸಿನವರು ಕೇಳಿದರು, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಓದುವವರು ಯಾರು ಅಂತ ನೋಡಬೇಕು. ನಮ್ಮ ಕಡೆ ಕರಪತ್ರ ಹುಡುಗ ಒಬ್ಬನೇ ಓದುವುದಿಲ್ಲ. ಊಟ ಆದಮೇಲೆ ಜಗಲಿಯಲ್ಲಿ ಕೂತು ಅಪ್ಪ ಓದುತ್ತಾರೆ, ಫೀ ಕೊಡುವವರು ಅವರು. ಅವರು ಹುಡುಕುವುದು ಒಂದೇ ಉತ್ತರ. ಫೋನ್ ಮಾಡಿದರೂ ಅದನ್ನೇ ಕೇಳುತ್ತಾರೆ: "ಮಾಸ್ತರ್ರೇ, ನಿಮ್ಮಲ್ಲಿ ಕಲಿತರೆ ನೌಕರಿ ಆಗ್ತದೆಯಾ?" ಇದಕ್ಕೆ ಹೌದು ಅಂದರೆ ಸುಳ್ಳು. ಗೊತ್ತಿಲ್ಲ ಅಂದರೆ ಅವರು ಫೋನ್ ಇಡುತ್ತಾರೆ. ಇಡೀ ಪತ್ರ ಈ ಎರಡರ ನಡುವೆ ನಿಲ್ಲಬೇಕು.

ನಾನು ಹೆಚ್ಚು ಹೊತ್ತು ಕೂತದ್ದು ಫಲಿತಾಂಶದ ಪ್ಯಾರಾ ಮೇಲೆ. ಎಲ್ಲ ಕ್ಲಾಸಿನವರೂ ಅಲ್ಲೇ ಆಟ ಆಡುವುದು. "ನಮ್ಮಲ್ಲಿ 11 ಜನ ಆಯ್ಕೆ" ಅಂತ ಬರೆದು ಕೆಳಗೆ ಹನ್ನೊಂದು ಫೋಟೋ ಹಾಕಿರುತ್ತಾರೆ. ಆ ಹನ್ನೊಂದು ಹೇಗೆ ಆಗುತ್ತದೆ ಅಂತ ಈ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತು. ಒಬ್ಬಳೇ ಹುಡುಗಿ ಎಸ್‌ಡಿಎಗೂ ಪಿಡಿಒಗೂ ಆಯ್ಕೆಯಾದರೆ ಎರಡು ಲೆಕ್ಕ. ಉಚಿತ ಮಾದರಿ ಪರೀಕ್ಷೆಗೆ ಒಂದು ಭಾನುವಾರ ಬಂದು ಹೋದವನೂ ನಮ್ಮವನೇ. ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ದಿನವೇ ಫ್ಲೆಕ್ಸ್ ಕಟ್ಟುತ್ತಾರೆ, ಅಂತಿಮ ಪಟ್ಟಿಯಲ್ಲಿ ಹೆಸರು ಬಿದ್ದು ಹೋದರೂ ಫ್ಲೆಕ್ಸ್ ಇಳಿಸುವುದಿಲ್ಲ. ಆಕ್ಷೇಪಣೆ, ದಾಖಲೆ ಪರಿಶೀಲನೆ ಎಲ್ಲ ಮುಗಿದು ಆದೇಶ ಕೈಗೆ ಬರುವ ಹೊತ್ತಿಗೆ ಕೆಲವು ಹೆಸರು ಹೋಗಿರುತ್ತವೆ. ಅದನ್ನು ಎಣಿಸುವುದು ಅಂದರೆ ಹಸಿ ಅಡಿಕೆ ತೂಕ ಹಾಕಿ ಒಣಗಿಸಿ ಸುಲಿದ ಚಾಲಿಯ ರೇಟು ಕೇಳಿದ ಹಾಗೆ.

ಹಾಗಾಗಿ ಎಣಿಸುವ ಮೊದಲು ಎಣಿಕೆಯ ನಿಯಮ ಬರೆದುಕೊಂಡೆ. ಫೀ ಕೊಟ್ಟು, ಕನಿಷ್ಠ ಎರಡು ತಿಂಗಳು ಕ್ಲಾಸಿಗೆ ಬಂದಿರಬೇಕು. ಒಬ್ಬರನ್ನು ಒಂದೇ ಸಲ ಎಣಿಸಬೇಕು. ನೇಮಕಾತಿ ಆದೇಶ ಕೈಯಲ್ಲಿರಬೇಕು. ಈ ಜರಡಿ ಹಿಡಿದಮೇಲೆ ಉಳಿದದ್ದು ಮೂರು. ನನ್ನ ಗೆಳೆಯರ ಮುಖ ಸಣ್ಣದಾಯಿತು. "ಮೂರು ಅಂತ ಬರೆದರೆ ಯಾರು ಬರ್ತಾರೆ ಮಾರಾಯ್ರೇ, ಆ ಸಾಲೇ ಬಿಟ್ಟುಬಿಡಿ" ಅಂದರು. ಬಿಡುವುದೂ ಒಂದು ದಾರಿಯೇ, ಸುಳ್ಳಂತೂ ಆಗುವುದಿಲ್ಲ. ಆದರೆ ಫಲಿತಾಂಶ ಇಲ್ಲದ ಪತ್ರ ನೋಡಿದರೆ ಅಪ್ಪ ಅಂದುಕೊಳ್ಳುವುದು ಸೊನ್ನೆ ಅಂತಲೇ.

ಆಮೇಲೆ ಇನ್ನೊಂದು ವಾದ ಶುರುವಾಯಿತು. ಎಷ್ಟು ಜನರಲ್ಲಿ ಮೂರು? ಸೇರಿದವರು 41, ಕೊನೆಯ ತಿಂಗಳವರೆಗೆ ಉಳಿದವರು 26. ಗೆಳೆಯರು 26 ಹಾಕೋಣ ಅಂದರು. ಅರ್ಧಕ್ಕೇ ಬಿಟ್ಟವರಿಗೆ ನಾವು ಹೇಗೆ ಹೊಣೆ ಅಂತ ಅವರ ಪ್ರಶ್ನೆ, ಅದರಲ್ಲೂ ಅರ್ಥವಿದೆ. ಆದರೆ ಹಣ ಕೊಡುವ ಅಪ್ಪ ನಿಂತಿರುವುದು ಸೇರುವ ದಿನದ ಬಾಗಿಲಲ್ಲಿ, ತನ್ನ ಮಗ ಆ 26ರಲ್ಲಿ ಇರುತ್ತಾನೋ ಬಿಟ್ಟುಹೋಗುವ 15ರಲ್ಲೋ ಅಂತ ಆ ದಿನ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಕೊನೆಗೆ ಎರಡನ್ನೂ ಹಾಕಿದೆವು. ಅಚ್ಚಾದದ್ದು ಹೀಗೆ:

"ಕಳೆದ ಬ್ಯಾಚಿಗೆ 41 ಜನ ಸೇರಿದ್ದರು. 26 ಜನ ಕೊನೆಯವರೆಗೆ ಬಂದರು. 3 ಜನರ ಕೈಗೆ ನೇಮಕಾತಿ ಆದೇಶ ಬಂದಿದೆ. ಆ ಮೂವರಲ್ಲಿ ಇಬ್ಬರು ನಮ್ಮಲ್ಲಿಗೆ ಬರುವ ಮೊದಲೇ ಬೇರೆ ಪರೀಕ್ಷೆ ಬರೆದು ಅಭ್ಯಾಸ ಇದ್ದವರು. ಈ ಮೂವರಲ್ಲದೆ ಇನ್ನೊಬ್ಬರ ಹೆಸರು ತಾತ್ಕಾಲಿಕ ಪಟ್ಟಿಯಲ್ಲಿದೆ, ಅದನ್ನು ಎಣಿಸಿಲ್ಲ. ಉಳಿದವರಿಗೆ ಈ ಸಲ ಆಗಲಿಲ್ಲ."

ಇಬ್ಬರಿಗೆ ಮೊದಲೇ ಅಭ್ಯಾಸ ಇತ್ತು ಅನ್ನುವ ಸಾಲನ್ನು ಸುಮ್ನೆ ಸೇರಿಸಿದ್ದಲ್ಲ. ಅದಿಲ್ಲದಿದ್ದರೆ, ಈಗಷ್ಟೇ ಡಿಗ್ರಿ ಮುಗಿಸಿದವನು ಮೊದಲ ಪ್ರಯತ್ನದಲ್ಲೇ ತನಗೂ ಆಗುತ್ತದೆ ಅಂದುಕೊಳ್ಳುತ್ತಾನೆ. ಮೂರು ಅನ್ನುವುದು ನಿಜವಾದ ಸಂಖ್ಯೆಯೇ, ಆದರೆ ಒಂಟಿಯಾಗಿ ನಿಂತರೆ ಅದೂ ದಾರಿ ತಪ್ಪಿಸುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಅದು ಕ್ಲಾಸಿಗೆ ಬರಬೇಡಿ ಅನ್ನುವ ಪತ್ರ ಆಗುತ್ತಿತ್ತು. ಭರವಸೆ ಬೇಕು, ಆದರೆ ಅದನ್ನು ಆಯ್ಕೆಯ ಮೇಲೆ ಕಟ್ಟಬಾರದು. 2024ರ ಗ್ರಾಮ ಆಡಳಿತ ಅಧಿಕಾರಿ ನೇಮಕಾತಿ ನೋಡಿ. ಇಡೀ ರಾಜ್ಯಕ್ಕೆ 1000 ಹುದ್ದೆ, ಅರ್ಜಿ ಬಂದದ್ದು ಲಕ್ಷಗಟ್ಟಲೆ. ಅಷ್ಟು ಜನರ ಸಾಲಿನಲ್ಲಿ ನಮ್ಮ ಹುಡುಗ ಎಲ್ಲಿ ನಿಲ್ಲುತ್ತಾನೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿ ಏನಿದೆ ಅಂತ ಹುಡುಕಿದೆ. ಎರಡು ಸಿಕ್ಕವು.

ಒಂದು, ಕಡ್ಡಾಯ ಕನ್ನಡ ಪರೀಕ್ಷೆ. 150 ಅಂಕ, ಪಾಸಾಗಲು 50 ಬೇಕು. ಈ ಅಂಕ ಮೆರಿಟ್‌ಗೆ ಸೇರುವುದಿಲ್ಲ, ಆದರೆ 50 ಬರದಿದ್ದರೆ ಉಳಿದ ಪೇಪರ್ ಎಷ್ಟು ಚೆನ್ನಾಗಿ ಬರೆದರೂ ಲೆಕ್ಕಕ್ಕಿಲ್ಲ. ಕಾರವಾರ, ಅಂಕೋಲಾ ಕಡೆಯಿಂದ ಬಂದು ಇಲ್ಲಿ ರೂಮು ಮಾಡಿಕೊಂಡಿರುವ ಮಕ್ಕಳಿದ್ದಾರೆ, ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್ ಮೀಡಿಯಂ. ಕನ್ನಡ ಚೆನ್ನಾಗಿಯೇ ಮಾತಾಡುತ್ತಾರೆ, ಬರೆಯಲು ಕೂತರೆ ಕೈ ನಡುಗುತ್ತದೆ. ದಿನಾ ಒಂದು ಪುಟ ಬರೆಸಿ ತಿದ್ದಿದರೆ ಇದು ಸರಿಹೋಗುತ್ತದೆ, ನೋಡಿದ್ದೇನೆ. ಎರಡನೆಯದು ಮಾನಸಿಕ ಸಾಮರ್ಥ್ಯ. ಶೇಕಡಾ, ಸರಾಸರಿ, ಕಾಲ ಮತ್ತು ಕೆಲಸ, ಸಂಖ್ಯಾ ಸರಣಿ. ಇವು ಅಭ್ಯಾಸಕ್ಕೆ ಬಗ್ಗುವ ವಿಷಯಗಳು. ಪ್ರಚಲಿತ ವಿದ್ಯಮಾನ ಹಾಗಲ್ಲ, ಅದರಲ್ಲಿ ಆರು ತಿಂಗಳಲ್ಲಿ ಪವಾಡ ಆಗುವುದಿಲ್ಲ, ದಿನಾ ಪೇಪರ್ ಓದುವ ಹುಡುಗನಿಗೆ ಕ್ಲಾಸು ಬೇಕಾಗಿಯೂ ಇಲ್ಲ.

ಪತ್ರದಲ್ಲಿ ಇದನ್ನೇ ಬರೆದೆ: "ಮೊದಲ ವಾರ ಒಂದು ಮಾದರಿ ಪರೀಕ್ಷೆ, ಮೂರು ತಿಂಗಳಿಗೆ ಅದೇ ಮಟ್ಟದ ಇನ್ನೊಂದು. ಎರಡೂ ಉತ್ತರ ಪತ್ರಿಕೆ ಮನೆಗೆ ಕಳಿಸುತ್ತೇವೆ. ಕನ್ನಡ ಬರವಣಿಗೆ ಮತ್ತು ಮಾನಸಿಕ ಸಾಮರ್ಥ್ಯದಲ್ಲಿ ಅಂಕ ಏರಬೇಕು. ಏರದಿದ್ದರೆ ನಿಮ್ಮ ಮನೆಯವರ ಜೊತೆ ಕೂತು ಮುಂದುವರಿಯಬೇಕಾ ಅಂತ ಮಾತಾಡುತ್ತೇವೆ." ಇದು ಅಪ್ಪ ಮನೆಯಲ್ಲೇ ಕೂತು ಪರೀಕ್ಷಿಸಬಹುದಾದ ಮಾತು. ಭರವಸೆ ಕೊಡುವುದಾದರೆ ಮೂರು ತಿಂಗಳಿಗೇ ಸುಳ್ಳೋ ನಿಜವೋ ಗೊತ್ತಾಗುವಂಥದ್ದನ್ನು ಕೊಡಬೇಕು ಅಂತ ನನ್ನ ಅಭಿಪ್ರಾಯ. ಎರಡು ವರ್ಷ ಆದಮೇಲೆ ಗೊತ್ತಾಗುವ ಭರವಸೆಯನ್ನು ಯಾರು ಬೇಕಾದರೂ ಕೊಡಬಹುದು.

ಸಾಲುಗಳನ್ನು ಯಾವ ಕ್ರಮದಲ್ಲಿ ಇಡುವುದು ಅನ್ನುವುದಕ್ಕೂ ತಲೆ ಕೆಡಿಸಿಕೊಂಡೆ. ಕಹಿ ಮಾತನ್ನೆಲ್ಲ ಕೊನೆಗೆ ಸಣ್ಣ ಅಕ್ಷರದಲ್ಲಿ ಹಾಕಿದರೆ ಅದು ಷರತ್ತು ಅನ್ವಯ ಆಗುತ್ತದೆ, ಯಾರೂ ಓದುವುದಿಲ್ಲ. ಎಲ್ಲ ಮೊದಲೇ ಹಾಕಿದರೆ ಪತ್ರ ಒಲೆಗೆ ಹೋಗುತ್ತದೆ. ನಾನು ಮಾಡಿದ್ದು, ಒಂದು ಆಸೆಯ ಸಾಲು ಬಂದರೆ ಅದರ ಮಿತಿಯನ್ನು ಅದೇ ಪ್ಯಾರಾದಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ ಹೇಳಿ ಮುಗಿಸುವುದು.

ಕಾನೂನಿನ ಮಾತು ಸ್ವಲ್ಪ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳಿಗೆ ಮಾರ್ಗಸೂಚಿ ತಂದಿದೆ. ಆಯ್ಕೆ ಖಚಿತ, ನೌಕರಿ ಖಚಿತ ಅನ್ನುವಂತಿಲ್ಲ. ಆಯ್ಕೆಯಾದವರ ಹೆಸರು, ಫೋಟೋ ಹಾಕಲು ಅವರ ಲಿಖಿತ ಒಪ್ಪಿಗೆ ಬೇಕು, ಅದೂ ಆಯ್ಕೆ ಆದಮೇಲೆ ಪಡೆದದ್ದು. ಸೇರುವಾಗಲೇ ಫಾರ್ಮಿನಲ್ಲಿ ಸಹಿ ಹಾಕಿಸಿಕೊಂಡರೆ ನಡೆಯುವುದಿಲ್ಲ. ಅವರು ಯಾವ ಕೋರ್ಸ್, ಎಷ್ಟು ಅವಧಿ ಕಲಿತರು, ಫೀ ಕೊಟ್ಟೋ ಉಚಿತವೋ, ಇದನ್ನೂ ಹೇಳಬೇಕು. ಐವತ್ತಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಕ್ಲಾಸುಗಳಿಗೆ ಈ ಮಾರ್ಗಸೂಚಿ, ಹಾಗಾಗಿ ನೇರವಾಗಿ ನಮಗೆ ತಾಗುವುದಿಲ್ಲ. ಆದರೆ ದಾರಿ ತಪ್ಪಿಸುವ ಜಾಹೀರಾತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸಣ್ಣ ಕ್ಲಾಸಿಗೂ ತಪ್ಪೇ. ನಮ್ಮ ಮೂವರಲ್ಲಿ ಒಬ್ಬಳು ಫೋಟೋ ಬೇಡ ಅಂದಳು. ಇಬ್ಬರದ್ದು ಹಾಕಿ ಒಂದು ಜಾಗ ಖಾಲಿ ಬಿಟ್ಟರೆ ಚೆಂದ ಕಾಣುವುದಿಲ್ಲ ಅಂತ ಯಾರ ಫೋಟೋವೂ ಹಾಕಲಿಲ್ಲ. ಅಚ್ಚಿನ ಖರ್ಚೂ ಕಡಿಮೆ ಆಯಿತು.

ಇನ್ನೊಂದು ಅಪಾಯವನ್ನು ಯಾವ ಕರಪತ್ರವೂ ಹೇಳುವುದಿಲ್ಲ: ಅಧಿಸೂಚನೆಯೇ ಬರದಿರಬಹುದು. 2024ರ ಅಕ್ಟೋಬರ್ ಕೊನೆಗೆ ರಾಜ್ಯ ಸರ್ಕಾರ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ ನಿರ್ಧರಿಸಿತು. ಆಗ ರೂಮು ಬಾಡಿಗೆ, ಮೆಸ್ ಬಿಲ್ಲು ಕಟ್ಟುತ್ತಾ ಕೂತ ಮಕ್ಕಳು ಎಷ್ಟೋ. ಹಾಗಾಗಿ ಪತ್ರದಲ್ಲಿ, ಪರೀಕ್ಷೆ ಯಾವಾಗ ಅಂತ ನಮಗೂ ಗೊತ್ತಿಲ್ಲ, ಕ್ಲಾಸ್ ಆರು ತಿಂಗಳು, ಅಷ್ಟರಲ್ಲಿ ಅಧಿಸೂಚನೆ ಬರದಿದ್ದರೆ ಆಮೇಲಿನ ಮಾದರಿ ಪರೀಕ್ಷೆಗಳಿಗೆ ಬೇರೆ ಫೀ ಇಲ್ಲ ಅಂತ ಬರೆದೆ. ಬಿಟ್ಟು ಹೋದರೆ ಉಳಿದ ತಿಂಗಳ ಹಣ ವಾಪಸು. ಎರಡನೇ ಕಂತು ಅಡಿಕೆ ಮಾರಿದ ಮೇಲೆ ಕೊಟ್ಟರೆ ಸಾಕು. ಈ ಸಾಲಿಗೆ ಸಿಕ್ಕಷ್ಟು ಮೆಚ್ಚುಗೆ ಬೇರೆ ಯಾವ ಸಾಲಿಗೂ ಸಿಗಲಿಲ್ಲ, ಅದು ಬೇರೆ ಮಾತು.

"ಯಾರು ಸೇರಬೇಡಿ" ಅಂತ ಒಂದು ಪ್ಯಾರಾ ಕೂಡ ಇದೆ. ಸಂಜೆ ಕೊನೆಯ ಬಸ್ಸಿಗೆ ಸಿದ್ದಾಪುರದ ಒಳಗಿನ ಹಳ್ಳಿಗೆ ಹೋಗಿ, ಮನೆಯಲ್ಲಿ ಎರಡು ತಾಸೂ ಓದಲು ಆಗದವರು ಬೇಡ, ಹಣ ದಂಡ. ಗೋವಾದಲ್ಲಿ ಕೈಯಲ್ಲಿರುವ ಕೆಲಸ ಬಿಟ್ಟು ಬರುವುದಾದರೆ ಮೊದಲು ಮನೆಯಲ್ಲಿ ಲೆಕ್ಕ ಹಾಕಿ, ಹೋಗುವುದು ನಮ್ಮ ಫೀ ಒಂದೇ ಅಲ್ಲ, ಅಷ್ಟು ತಿಂಗಳ ಸಂಬಳವೂ ಹೋಗುತ್ತದೆ. ವಯೋಮಿತಿಗೆ ಒಂದೇ ಪರೀಕ್ಷೆ ಉಳಿದವರು ಬಂದು ಮಾತಾಡಿ, ಆಮೇಲೆ ಸೇರಿ. ಗೆಳೆಯರು ಈ ಪ್ಯಾರಾ ಓದಿ ನಕ್ಕರು, "ಅಂಗಡಿ ಬಾಗಿಲು ನಾವೇ ಹಾಕಿದ ಹಾಗಾಯ್ತು" ಅಂತ.

ಫೋನ್ ಕಡಿಮೆ ಬಂದವು, ಅದನ್ನು ಮುಚ್ಚಿಡುವುದಿಲ್ಲ. ಕೆಲವರು 41ರಲ್ಲಿ ಮೂರೇ ಅಂತ ನೋಡಿ ಹುಬ್ಬಳ್ಳಿ, ಧಾರವಾಡದ ದೊಡ್ಡ ಕ್ಲಾಸಿಗೆ ಹೋದರು. ಅಲ್ಲಿ ಎಷ್ಟರಲ್ಲಿ ಎಷ್ಟು ಅಂತ ಅವರು ಕೇಳಿದರೋ ಇಲ್ಲವೋ. ಆದರೆ ಬಂದವರ ಪ್ರಶ್ನೆ ಬೇರೆಯಾಗಿತ್ತು. ನೌಕರಿ ಆಗ್ತದೆಯಾ ಅನ್ನುವ ಬದಲು "ಮೊದಲ ಪರೀಕ್ಷೆಯಲ್ಲಿ ನಮ್ಮವಳಿಗೆ ಎಷ್ಟು ಬಂದರೆ ಮುಂದುವರಿಸಬಹುದು?" ಅಂತ ಕೇಳಿದ ತಾಯಿಯೊಬ್ಬರಿದ್ದರು. ಪತ್ರ ಕೆಲಸ ಮಾಡಿತೋ ಇಲ್ಲವೋ ಅಂತ ನಾನು ಅಳೆಯುವುದು ಇಂಥ ಪ್ರಶ್ನೆಯಿಂದಲೇ. ಗ್ಯಾರಂಟಿ ಕೇಳುವವರೇ ಜಾಸ್ತಿ ಬಂದರೆ ಎಲ್ಲೋ ಒಂದು ಸಾಲು ಜಾಸ್ತಿ ಸಿಹಿ ಆಗಿದೆ ಅಂತ ತಿಳಿದು ಹುಡುಕುತ್ತೇನೆ. ಯಾರೂ ಏನೂ ಕೇಳದೆ ಹೋದರೆ ಭರವಸೆಯ ಪ್ಯಾರಾ ಸೋತಿದೆ.

ಪತ್ರದ ಬುಡದಲ್ಲಿ ತಾರೀಖು ಹಾಕಿದ್ದೇವೆ, ಈ ಲೆಕ್ಕ ಇಂಥ ದಿನದವರೆಗಿನದ್ದು ಅಂತ. ತಾತ್ಕಾಲಿಕ ಪಟ್ಟಿಯಲ್ಲಿರುವ ಆ ಹುಡುಗನ ಅಂತಿಮ ಪಟ್ಟಿ ಇನ್ನೂ ಬಂದಿಲ್ಲ. ಬಂದಮೇಲೆ ಮೂರು ಇದ್ದದ್ದು ನಾಲ್ಕಾದರೂ, ಆಗದಿದ್ದರೂ, ಆ ಪ್ಯಾರಾ ತಿದ್ದಿ ಹೊಸ ತಾರೀಖು ಹಾಕಿ ಮತ್ತೆ ಅಚ್ಚು ಮಾಡಿಸಬೇಕು.